ಬಾತು, ಭತ್ತ ಮತ್ತು ಹದಿನಾಲ್ಕನೆಯ ದಿನ

1980ರ ಆಸುಪಾಸಿನಲ್ಲಿ ದಕ್ಷಿಣ ಅಮೆರಿಕದ ಜೌಗುಗಳಲ್ಲಿ ಬದುಕಿದ್ದ ಒಂದು ಬಸವನಹುಳುವನ್ನು ತೈವಾನಿಗೆ ತಂದರು. ಅದನ್ನು ತೊಟ್ಟಿಗಳಲ್ಲಿ ಸಾಕಿ, ಮಾಂಸ ಮಾರಿ ಹಣ ಮಾಡುವ ಯೋಜನೆ ಅದು. 1981ರಲ್ಲಿ ಅದು ಜಪಾನಿಗೆ ಬಂತು, ಅದರ ಬೆನ್ನಿಗೇ ಫಿಲಿಪ್ಪೀನ್ಸ್‌ಗೂ ಹೋಯಿತು. ಜನರಿಗೆ ಅದರ ರುಚಿ ಹಿಡಿಸಲಿಲ್ಲ. ವ್ಯಾಪಾರ ಮುಳುಗಿತು, ಸಾಕಿದವರು ತೊಟ್ಟಿಗಳನ್ನು ಹಾಗೇ ಬಿಟ್ಟರು. ಬಸವನಹುಳು ಕಾಲುವೆ ಸೇರಿತು, ಕಾಲುವೆಯಿಂದ ಗದ್ದೆಗೆ ಇಳಿಯಿತು. ಕೆಲವೇ ವರ್ಷಗಳಲ್ಲಿ ಅದು ಪೂರ್ವ ಮತ್ತು ಆಗ್ನೇಯ ಏಷ್ಯಾದ ಭತ್ತದ ರೈತರ ದೊಡ್ಡ ಶತ್ರುವಾಯಿತು. ಪೋಮೇಸಿಯ ಕೆನಾಲಿಕ್ಯುಲೇಟ ಎಂಬ ಹೆಸರಿನ ಈ ಜೀವಿ ಇಂದು ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಪ್ರಭೇದಗಳ ಪಟ್ಟಿಯಲ್ಲಿದೆ.

ಈ ಬಸವನಹುಳುವನ್ನು ಮಣಿಸಲು ಹಲವರು ಕೈಹಾಕಿದ್ದು ಬಾತುಕೋಳಿಗೆ. ಬಾತಿಗೆ ಬಸವನಹುಳು ಇಷ್ಟ, ಗದ್ದೆಯ ನೀರೂ ಇಷ್ಟ. ಬಾತು ಬಿಟ್ಟರೆ ಕೆಲಸ ಮುಗಿಯಿತು ಎಂದು ಮೇಲುನೋಟಕ್ಕೆ ಅನ್ನಿಸುತ್ತದೆ. ಆದರೆ ಮುಗಿಯುವುದಿಲ್ಲ. ಗದ್ದೆಯಲ್ಲಿ ಮೂರು ಜೀವಗಳು ಒಟ್ಟಿಗೆ ಬೆಳೆಯುತ್ತಿರುತ್ತವೆ: ಭತ್ತದ ಸಸಿ, ಬಸವನಹುಳು, ಬಾತಿನ ಮರಿ. ಮೂರರ ಬೆಳವಣಿಗೆಯ ವೇಗವೂ ಬೇರೆ ಬೇರೆ. ಯಾವ ದಿನ ಯಾವುದು ಎಷ್ಟು ದೊಡ್ಡದಾಗಿದೆ ಎಂಬುದರ ಮೇಲೆ ಈ ವಿಧಾನದ ಸೋಲು ಗೆಲುವು ನಿಂತಿದೆ. ಈ ಅಧ್ಯಾಯ ಆ ದಿನಗಳ ಲೆಕ್ಕ.

ಬಸವನಹುಳುವಿನ ಬಲ

ಮೊದಲು ಎದುರಾಳಿಯನ್ನು ತಿಳಿದುಕೊಳ್ಳೋಣ. ಈ ಬಸವನಹುಳುವಿಗೆ ಕಿವಿರೂ ಇದೆ, ಶ್ವಾಸಕೋಶವೂ ಇದೆ. ನೀರು ಕೊಳೆತು ಆಮ್ಲಜನಕ ಕಡಿಮೆಯಾದರೆ ಒಂದು ನಳಿಕೆಯನ್ನು ನೀರಿನ ಮೇಲಕ್ಕೆ ಚಾಚಿ ಗಾಳಿಯನ್ನು ಎಳೆದುಕೊಳ್ಳುತ್ತದೆ. ಗದ್ದೆ ಒಣಗಿದರೆ ಕೆಸರಿನೊಳಗೆ ಇಳಿದು, ಚಿಪ್ಪಿನ ಬಾಯಿಗೆ ಗಟ್ಟಿ ಮುಚ್ಚಳ ಹಾಕಿಕೊಂಡು, ತಿಂಗಳುಗಟ್ಟಲೆ ಸುಮ್ಮನಿರುತ್ತದೆ. ಮುಂದಿನ ಬೆಳೆಗೆ ನೀರು ಬಿಟ್ಟ ಕೂಡಲೇ ಎದ್ದು ಬರುತ್ತದೆ. ಹಾಗಾಗಿ ಗದ್ದೆಯನ್ನು ಒಣಗಲು ಬಿಟ್ಟರೆ ಅದು ನಾಶವಾಗುತ್ತದೆ ಎಂದು ನಂಬುವಂತಿಲ್ಲ.

ಮೊಟ್ಟೆಯ ವಿಷಯದಲ್ಲಿ ಅದು ಇನ್ನೂ ಜಾಣ. ಹೆಣ್ಣು ರಾತ್ರಿ ನೀರಿನಿಂದ ಮೇಲೆ ಹತ್ತಿ ಪೈರಿನ ಕಾಂಡ, ಬದುವಿನ ಹುಲ್ಲು, ಕಾಲುವೆಯ ಗೋಡೆ, ಎಲ್ಲೆಂದರಲ್ಲಿ ಗಾಢ ಗುಲಾಬಿ ಬಣ್ಣದ ಮೊಟ್ಟೆಗೊಂಚಲು ಅಂಟಿಸುತ್ತದೆ. ಒಂದು ಗೊಂಚಲಿನಲ್ಲಿ ನೂರಾರು ಮೊಟ್ಟೆಗಳಿರುತ್ತವೆ. ಅಷ್ಟು ಎದ್ದು ಕಾಣುವ ಬಣ್ಣವಿದ್ದರೂ ಹೆಚ್ಚಿನ ಪ್ರಾಣಿಗಳು ಅವನ್ನು ಮುಟ್ಟುವುದಿಲ್ಲ. ಮೊಟ್ಟೆಯಲ್ಲಿ ನರಗಳಿಗೆ ಹಾನಿ ಮಾಡುವ ವಿಷದ ಪ್ರೋಟೀನ್ ಇದೆ, ಬಣ್ಣ ಅದರ ಎಚ್ಚರಿಕೆ. ಸುಮಾರು ಎರಡು ವಾರದೊಳಗೆ ಮರಿಗಳು ಹೊರಬಂದು ಕೆಳಗಿನ ನೀರಿಗೆ ಬೀಳುತ್ತವೆ.

ಭತ್ತಕ್ಕೆ ಅದರಿಂದ ಅಪಾಯ ಇರುವುದು ಚಿಕ್ಕ ವಯಸ್ಸಿನಲ್ಲಿ. ನಾಟಿಯಾದ ಮೊದಲ ಎರಡು ಮೂರು ವಾರ ಸಸಿಯ ಕಾಂಡ ಮೆತ್ತಗಿರುತ್ತದೆ. ಬಸವನಹುಳು ಆ ಕಾಂಡವನ್ನು ಬುಡದಲ್ಲಿ ಕೊರೆದು ಕತ್ತರಿಸುತ್ತದೆ. ಬೆಳಗ್ಗೆ ಹೋಗಿ ನೋಡಿದರೆ ಸಾಲಿನ ನಡುವೆ ಸಸಿಗಳು ಕಾಣೆಯಾಗಿರುತ್ತವೆ, ಎಲೆಯ ತುಂಡುಗಳು ನೀರಿನ ಮೇಲೆ ತೇಲುತ್ತಿರುತ್ತವೆ. ಈ ತೇಲುವ ಎಲೆಗಳೇ ಬಸವನಹುಳುವಿನ ಗುರುತು. ಸಸಿ ತೆಂಡೆಯೊಡೆದು ಕಾಂಡ ಗಟ್ಟಿಯಾದ ಮೇಲೆ ಅದರ ಹಲ್ಲಿಗೆ ಬಗ್ಗುವುದಿಲ್ಲ. ಆಮೇಲೆ ಅದೇ ಹುಳು ಕಳೆಯ ಎಳೆ ಮೊಳಕೆಗಳನ್ನು ತಿಂದುಕೊಂಡಿರುತ್ತದೆ.

ಫುರುನೊ ಗದ್ದೆ

ಜಪಾನಿನ ಕ್ಯೂಶೂ ದ್ವೀಪದ ಫುಕುಓಕ ಪ್ರಾಂತ್ಯದಲ್ಲಿ ಕೇಯ್ಸೆನ್ ಎಂಬ ಊರಿದೆ. ಅಲ್ಲಿನ ರೈತ ತಕಾವೊ ಫುರುನೊ 1978ರಲ್ಲಿ ರಾಸಾಯನಿಕಗಳನ್ನು ಬಿಟ್ಟು ಸಾವಯವ ಕೃಷಿಗೆ ಇಳಿದರು. ಹತ್ತು ವರ್ಷ ಅವರ ಬೆನ್ನು ಬಗ್ಗಿದ್ದು ಕಳೆ ಕೀಳುವುದರಲ್ಲಿ. 1988ರಲ್ಲಿ ಗದ್ದೆಗೆ ಬಾತು ಬಿಟ್ಟು ನೋಡಿದರು. ಅವರು ಆರಿಸಿಕೊಂಡದ್ದು ಕಾಡುಬಾತು ಮತ್ತು ಸಾಕುಬಾತಿನ ಮಿಶ್ರತಳಿಯಾದ ಐಗಾಮೊ. ಅದು ಮೈಯಲ್ಲಿ ಹಗುರ, ಓಡಾಟದಲ್ಲಿ ಚುರುಕು, ಹುಳು ಹುಡುಕುವುದರಲ್ಲಿ ಗಟ್ಟಿಗ.

ಗದ್ದೆಯಲ್ಲಿ ಬಾತು ಮೇಯಿಸುವುದು ಹೊಸದೇನಲ್ಲ. ಚೀನಾದಲ್ಲಿ ಮಿಂಗ್ ದೊರೆಗಳ ಕಾಲದಲ್ಲೇ ಬಾತಿನ ಹಿಂಡುಗಳು ಗದ್ದೆಗಿಳಿಯುತ್ತಿದ್ದವು. ನಮ್ಮ ಪಕ್ಕದ ಕೇರಳದ ಕುಟ್ಟನಾಡಿನಲ್ಲೂ ತಲೆಮಾರುಗಳಿಂದ ಸಾವಿರಗಟ್ಟಲೆ ಬಾತುಗಳ ಹಿಂಡುಗಳನ್ನು ಕೊಯ್ಲಾದ ಗದ್ದೆಗಳಲ್ಲಿ ಮೇಯಿಸುತ್ತಾರೆ. ಆದರೆ ಅಲ್ಲಿ ಬಾತು ಬರುವುದು ಬೆಳೆ ಮುಗಿದ ಮೇಲೆ, ಉದುರಿದ ಕಾಳು ಆಯಲು. ಫುರುನೊ ಮಾಡಿದ್ದು ಬೇರೆ: ಬೆಳೆ ನಿಂತಿರುವಾಗಲೇ, ಚಿಕ್ಕ ಮರಿಗಳನ್ನು, ಬೇಲಿಯೊಳಗೆ, ಎರಡು ತಿಂಗಳು ಹಗಲಿರುಳು ಗದ್ದೆಯಲ್ಲೇ ಇರಿಸುವುದು.

ಮರಿಯನ್ನೇ ಯಾಕೆ ಬಿಡಬೇಕು ಎಂಬುದು ಈ ವಿಧಾನದ ತಿರುಳು. ಬೆಳೆದ ಬಾತು ಎಳೆಯ ಸಸಿಯನ್ನು ತುಳಿದು ಹಾಕುತ್ತದೆ, ಮೈಯಿಂದ ಒತ್ತಿ ಕೆಸರಿಗೆ ಮಲಗಿಸುತ್ತದೆ. ಎರಡು ವಾರದ ಮರಿಗೆ ಆ ತೂಕವಿಲ್ಲ. ಸಸಿಯ ಸಾಲುಗಳ ನಡುವೆ ಅದು ಸಲೀಸಾಗಿ ಈಜಿಕೊಂಡು ಹೋಗುತ್ತದೆ. ಬಾತು ಭತ್ತದ ಎಲೆಯನ್ನು ತಿನ್ನುವುದಿಲ್ಲವೇ ಎಂದು ಕೇಳಬಹುದು. ಭತ್ತದ ಎಲೆಯಲ್ಲಿ ಮರಳಿನ ಅಂಶವಾದ ಸಿಲಿಕ ತುಂಬಿರುತ್ತದೆ, ಅಂಚು ಒರಟು. ಮೆತ್ತಗಿನ ಅಗಲ ಎಲೆಯ ಕಳೆ, ಹುಳು, ಬಸವನಹುಳು ಸಿಗುತ್ತಿರುವಾಗ ಬಾತು ಅದಕ್ಕೆ ಬಾಯಿ ಹಾಕುವುದು ಕಡಿಮೆ.

ಒಂದು ಎಕರೆಯ ಲೆಕ್ಕ

ಈಗ ದಿನಗಳನ್ನು ಎಣಿಸೋಣ. 135 ದಿನದ ತಳಿಯ ಭತ್ತ, 25 ದಿನದ ಸಸಿ, ಒಂದು ಎಕರೆ ಗದ್ದೆ ಎಂದಿಟ್ಟುಕೊಳ್ಳಿ. ನಾಟಿಯ ದಿನವನ್ನು ಸೊನ್ನೆ ಎನ್ನೋಣ.

ಬಾತಿನ ಮೊಟ್ಟೆ ಮರಿಯಾಗಲು 28 ದಿನ ಬೇಕು. ಹಾಗಾಗಿ ಸಸಿಮಡಿಗೆ ಬೀಜ ಹಾಕುವ ಮೂರು ದಿನ ಮೊದಲು ಮೊಟ್ಟೆಗಳನ್ನು ಕಾವಿಗಿಟ್ಟರೆ, ನಾಟಿ ಮಾಡುವ ದಿನ ಮರಿಗಳು ಒಡೆದು ಬರುತ್ತವೆ. ಒಂದು ಕಡೆ ಸಸಿ ಗದ್ದೆಯಲ್ಲಿ ಬೇರು ಹಿಡಿಯುತ್ತಿರುತ್ತದೆ, ಇನ್ನೊಂದು ಕಡೆ ಮರಿ ಗೂಡಿನಲ್ಲಿ ಬೆಳೆಯುತ್ತಿರುತ್ತದೆ. ಮರಿಗಳನ್ನು ಕೊಂಡು ತರುವವರೂ ಇದೇ ಲೆಕ್ಕದಲ್ಲಿ ಮುಂಗಡ ಹೇಳಿಟ್ಟಿರಬೇಕು. ನಾಟಿ ತಡವಾಗಿ ಮರಿ ಮೊದಲೇ ಬಂದರೆ, ಗದ್ದೆಗೆ ಬಿಡುವ ಹೊತ್ತಿಗೆ ಅದು ಸಸಿಗಿಂತ ದೊಡ್ಡದಾಗಿರುತ್ತದೆ.

ಗೂಡಿನ ಎರಡು ವಾರವನ್ನು ಹಗುರವಾಗಿ ಎಣಿಸಬಾರದು. ಮೊದಲ ವಾರ ಮರಿಗಳಿಗೆ ಬಲ್ಬಿನ ಬಿಸಿ ಬೇಕು, ಸುಮಾರು 32 ಡಿಗ್ರಿ ಸೆಲ್ಸಿಯಸ್. ಆಮೇಲೆ ದಿನದಿನಕ್ಕೆ ಇಳಿಸುತ್ತಾ ಬರಬೇಕು. ತಾಯಿಯ ಮಡಿಲಲ್ಲಿ ಬೆಳೆದ ಮರಿಯ ಗರಿಗೆ ಅವಳ ಮೈಯ ಎಣ್ಣೆ ತಗಲಿರುತ್ತದೆ. ಯಂತ್ರದಲ್ಲಿ ಒಡೆದ ಮರಿಗೆ ಆ ಭಾಗ್ಯವಿಲ್ಲ. ಅದು ತನ್ನ ಬಾಲದ ಬುಡದ ಗ್ರಂಥಿಯಿಂದ ಎಣ್ಣೆ ತೆಗೆದು ಗರಿಗೆ ಸವರಿಕೊಳ್ಳಲು ಕಲಿಯಬೇಕು. ಅದಕ್ಕೇ ಫುರುನೊ ಗೂಡಿನಲ್ಲೇ ಒಂದು ಚಿಕ್ಕ ನೀರಿನ ಹಳ್ಳ ಮಾಡಿ, ಅದರ ಪಕ್ಕ ಇಳಿಜಾರಿನ ಒಣ ಜಾಗ ಬಿಡುತ್ತಾರೆ. ಮರಿ ನೀರಿಗೆ ಇಳಿಯುತ್ತದೆ, ಮೇಲೆ ಬಂದು ಗರಿ ತಿದ್ದಿಕೊಳ್ಳುತ್ತದೆ, ಮತ್ತೆ ಇಳಿಯುತ್ತದೆ. ಈ ಅಭ್ಯಾಸವಿಲ್ಲದ ಮರಿಯನ್ನು ನೇರ ಗದ್ದೆಗೆ ಬಿಟ್ಟರೆ ಗರಿ ನೀರು ಹೀರಿ, ಮೈ ತಣ್ಣಗಾಗಿ, ಬದುವಿನ ಬುಡದಲ್ಲಿ ನಡುಗುತ್ತಾ ಸಾಯುತ್ತದೆ.

ಗದ್ದೆಗೆ ಬಿಡುವುದು ಹದಿನಾಲ್ಕನೆಯ ದಿನದ ಆಸುಪಾಸು. ಬಿಸಿಲಿರುವ ಬೆಳಗ್ಗೆ ಆಗಬೇಕು, ಜಡಿಮಳೆಯ ದಿನ ಬೇಡ. ಹತ್ತು ಆರ್, ಎಂದರೆ ಸಾವಿರ ಚದರ ಮೀಟರಿಗೆ 15ರಿಂದ 20 ಮರಿಗಳು ಸಾಕು. ಎಕರೆಗೆ ಲೆಕ್ಕ ಹಾಕಿದರೆ 60ರಿಂದ 80. ಸಾಲಿನಿಂದ ಸಾಲಿಗೆ 25 ಸೆಂಟಿಮೀಟರಾದರೂ ಅಂತರ ಇರಲಿ, ಇಲ್ಲದಿದ್ದರೆ ತೆಂಡೆ ಹರಡಿದ ಮೇಲೆ ಬಾತು ನುಗ್ಗಲಾರದು. ನೀರು ಐದರಿಂದ ಹತ್ತು ಸೆಂಟಿಮೀಟರ್ ನಿಂತಿರಬೇಕು. ಬಾತು ಈಜುತ್ತಿರುವಾಗಲೇ ಅದರ ಕಾಲು ಕೆಸರಿಗೆ ತಾಗಬೇಕು ಎಂಬುದು ಇದರ ಗುಟ್ಟು. ಕಾಲು ತಾಗಿದರೆ ಕೆಸರು ಕದಡುತ್ತದೆ, ನೀರು ಬಗ್ಗಡವಾಗುತ್ತದೆ, ತಳಕ್ಕೆ ಬಿಸಿಲು ಇಳಿಯದೆ ಕಳೆಯ ಬೀಜ ಮೊಳೆಯುವುದಿಲ್ಲ. ನೀರು ಆಳವಾದರೆ ಬಾತು ಸುಮ್ಮನೆ ಮೇಲೆ ತೇಲಿಕೊಂಡಿರುತ್ತದೆ.

ಹೊಟ್ಟೆ ತುಂಬಾ ಮೇವು ಹಾಕುವಂತಿಲ್ಲ. ಸಂಜೆ ಒಂದು ಹೊತ್ತು ನುಚ್ಚು, ತೌಡು ಹಾಕಿದರೆ ಬಾತುಗಳು ಕರೆದ ಕಡೆ ಬರುತ್ತವೆ, ಎಣಿಸಲೂ ಆಗುತ್ತದೆ. ಹೆಚ್ಚು ಹಾಕಿದರೆ ಬದುವಿನ ಮೇಲೆ ಬಿಸಿಲು ಕಾಯುತ್ತಾ ಕೂರುತ್ತವೆ. ಹಿಂಡು ಒಂದೇ ಮೂಲೆಯಲ್ಲಿ ಗುಂಪುಗೂಡಿದರೆ ಅಲ್ಲಿ ಪೈರು ಬೋಳಾಗುತ್ತದೆ, ದೂರದ ಮೂಲೆಯಲ್ಲಿ ಕಳೆ ಹಾಗೇ ಉಳಿಯುತ್ತದೆ. ಆಗ ಮೇವು ಹಾಕುವ ಜಾಗ ಬದಲಿಸಬೇಕು, ಇಲ್ಲವೇ ಗದ್ದೆಯನ್ನು ಬಲೆಯಿಂದ ಭಾಗ ಮಾಡಬೇಕು.

ತೆನೆ ಹೊರಬರುವ ಹೊತ್ತಿಗೆ, ನಮ್ಮ ಲೆಕ್ಕದಲ್ಲಿ ಎಪ್ಪತ್ತೈದನೆಯ ದಿನದ ಸುಮಾರಿಗೆ, ಬಾತುಗಳನ್ನು ಹೊರಗೆ ತರಬೇಕು. ಎಲೆ ತಿನ್ನದ ಬಾತು ಕಾಳನ್ನು ಬಿಡುವುದಿಲ್ಲ. ಹಾಲುಗಾಳು ಕಟ್ಟುವಾಗ ಒಂದೆರಡು ದಿನ ತಡಮಾಡಿದರೂ ಬಗ್ಗಿದ ತೆನೆಗಳನ್ನೆಲ್ಲ ಎಳೆದು ತಿನ್ನುತ್ತದೆ. ಹದಿನಾಲ್ಕರಿಂದ ಎಪ್ಪತ್ತೈದು, ಈ ಎರಡು ತಿಂಗಳೇ ಬಾತಿನ ಅವಧಿ.

ಎರಡು ವಾರದ ಬಿರುಕು

ಈಗ ಎರಡು ಲೆಕ್ಕಗಳನ್ನು ಪಕ್ಕಪಕ್ಕ ಇಡಿ. ಬಸವನಹುಳು ಸಸಿ ಕಡಿಯುವುದು ನಾಟಿಯಾದ ಮೊದಲ ಎರಡು ಮೂರು ವಾರ. ಬಾತು ಗದ್ದೆಗೆ ಬರುವುದು ಎರಡು ವಾರ ಕಳೆದ ಮೇಲೆ. ಕಾವಲುಗಾರ ಬರುವ ಹೊತ್ತಿಗೆ ಕಳ್ಳತನದ ಬಹುಭಾಗ ಮುಗಿದಿರುತ್ತದೆ. ಬಾತು ಬಿಟ್ಟೂ ಸಸಿ ಹೋಯಿತು ಎಂದು ಗೊಣಗುವವರು ಸಿಕ್ಕಿಬೀಳುವುದು ಈ ಬಿರುಕಿನಲ್ಲಿ.

ಇದನ್ನು ತುಂಬಲು ಫಿಲಿಪ್ಪೀನ್ಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಹೇಳುವ ದಾರಿ ಸರಳವಾಗಿದೆ: ಬಾತನ್ನು ಎರಡು ಬಾರಿ ಬಳಸಿ. ಮೊದಲ ಸರದಿ ನಾಟಿಗೆ ಮುಂಚೆ, ಕೊನೆಯ ಉಳುಮೆ ನಡೆಯುವಾಗ. ಆಗ ಗದ್ದೆಯಲ್ಲಿ ಸಸಿ ಇಲ್ಲ, ಆದ್ದರಿಂದ ದೊಡ್ಡ ಬಾತುಗಳನ್ನೇ ಬಿಡಬಹುದು. ನೀರು ನಿಂತು ಎಚ್ಚೆತ್ತ ಬಸವನಹುಳುಗಳು ಕೆಸರಿನ ಮೇಲೆ ಬಂದಿರುತ್ತವೆ, ಉಳುಮೆ ಒಳಗಿನವನ್ನೂ ಎತ್ತಿ ಹಾಕಿರುತ್ತದೆ. ಎರಡನೆಯ ಸರದಿ ನಾಟಿಯಾಗಿ 30ರಿಂದ 35 ದಿನಗಳ ನಂತರ, ಪೈರು ಗಟ್ಟಿಯಾದ ಮೇಲೆ. ಅಲ್ಲಿ ಹೇಳಿರುವುದು ಬೆಳೆದ ಬಾತುಗಳಿಗೆ ಹೊಂದುವ ದಿನ. ಫುರುನೊ ಮರಿಗಳನ್ನು ಬಿಡುವುದರಿಂದ ಅದಕ್ಕಿಂತ ಬೇಗ ಇಳಿಸುತ್ತಾರೆ.

ನಡುವಿನ ದಿನಗಳನ್ನು ಕಾಯುವುದು ನೀರಿನ ಕೆಲಸ. ಬಸವನಹುಳು ನೀರಿನಲ್ಲಿ ಮುಳುಗಿಕೊಂಡೇ ಹರಿದಾಡುತ್ತದೆ, ಚಿಪ್ಪಿನ ಎತ್ತರಕ್ಕಿಂತ ನೀರು ಕಡಿಮೆಯಾದರೆ ಅದರ ಓಡಾಟ ನಿಂತುಹೋಗುತ್ತದೆ. ನಾಟಿಯಾದ ಮೊದಲ ವಾರಗಳಲ್ಲಿ ನೀರನ್ನು ಒಂದೆರಡು ಸೆಂಟಿಮೀಟರಿಗೆ ಇಳಿಸಿಟ್ಟರೆ ಸಸಿ ಉಳಿಯುತ್ತದೆ. ಗದ್ದೆಯೊಳಗೆ ಅಲ್ಲಲ್ಲಿ ಸಣ್ಣ ಕಾಲುವೆ ತೆಗೆದಿದ್ದರೆ ಹುಳುಗಳು ನೀರು ಹುಡುಕಿಕೊಂಡು ಅಲ್ಲಿಗೆ ಸೇರುತ್ತವೆ, ಬೆಳಗ್ಗೆ ಕೈಯಿಂದ ಆರಿಸಿ ತೆಗೆಯಬಹುದು. ಹದಿನಾಲ್ಕನೆಯ ದಿನ ಬಾತು ಬಿಡುವಾಗ ಮತ್ತೆ ನೀರು ಏರಿಸಬೇಕು. ಈ ಇಳಿಸುವಿಕೆ ಏರಿಸುವಿಕೆಗೆ ಗದ್ದೆ ಸಮತಟ್ಟಾಗಿರುವುದು ಅಗತ್ಯ. ತಗ್ಗಿರುವ ಮೂಲೆಯಲ್ಲಿ ನೀರು ಉಳಿದರೆ ಹುಳುವೂ ಅಲ್ಲೇ ಉಳಿದು ಆ ಮೂಲೆಯ ಸಸಿಗಳನ್ನು ಖಾಲಿ ಮಾಡುತ್ತದೆ.

ಇನ್ನೊಂದು ಮಿತಿ ಬಾತಿನ ಗಂಟಲಿನದು. ಬಾತು ಬಸವನಹುಳುವನ್ನು ಚಿಪ್ಪು ಸಮೇತ ನುಂಗುತ್ತದೆ, ಒಡೆಯುವುದು ಆಮೇಲೆ, ಹೊಟ್ಟೆಯ ಗಟ್ಟಿ ಚೀಲದಲ್ಲಿ, ತಾನೇ ನುಂಗಿದ ಹರಳುಗಳ ನಡುವೆ ಅರೆದು. ಆದ್ದರಿಂದ ಗಂಟಲಲ್ಲಿ ಇಳಿಯುವಷ್ಟು ಚಿಕ್ಕದನ್ನು ಮಾತ್ರ ಅದು ತಿನ್ನಬಲ್ಲದು. ಎರಡು ವಾರದ ಮರಿಗೆ ದಕ್ಕುವುದು ಆಗ ತಾನೇ ಹುಟ್ಟಿದ ಪುಟ್ಟ ಹುಳುಗಳು. ಬೆಳೆದ ಬಾತಿಗೂ ಎರಡು ಮೂರು ಸೆಂಟಿಮೀಟರ್ ದಾಟಿದ ಚಿಪ್ಪು ಕಷ್ಟ. ಮೊಟ್ಟೆಯಿಡುವ ದೊಡ್ಡ ಹೆಣ್ಣುಗಳು ಅದಕ್ಕಿಂತಲೂ ದೊಡ್ಡವು. ಎಂದರೆ ಬಾತು ಮುಂದಿನ ಪೀಳಿಗೆಯನ್ನು ತಿನ್ನುತ್ತದೆ, ತಾಯಂದಿರನ್ನು ಉಳಿಸುತ್ತದೆ. ಬಾತು ಓಡಾಡುತ್ತಿರುವ ಗದ್ದೆಯಲ್ಲೂ ಗುಲಾಬಿ ಗೊಂಚಲುಗಳು ಹೆಚ್ಚುತ್ತಿದ್ದರೆ ದೊಡ್ಡ ಹುಳುಗಳು ಉಳಿದಿವೆ ಎಂದು ತಿಳಿಯಬೇಕು. ಅವನ್ನು ಕೈಯಿಂದಲೇ ತೆಗೆಯಬೇಕು. ಗದ್ದೆಯ ಅಂಚಿನಲ್ಲಿ ಬಿದಿರಿನ ಕಡ್ಡಿಗಳನ್ನು ನೆಟ್ಟರೆ ಹೆಣ್ಣುಗಳು ಮೊಟ್ಟೆಯಿಡಲು ಅವನ್ನೇ ಹತ್ತುತ್ತವೆ. ವಾರಕ್ಕೊಮ್ಮೆ ಕಡ್ಡಿ ಕಿತ್ತು ಗೊಂಚಲುಗಳನ್ನು ಜಜ್ಜಿಹಾಕಬಹುದು.

ಹುಳುಗಳಲ್ಲಿ ಯಾವುದು ಸಿಗುತ್ತದೆ, ಯಾವುದು ಸಿಗುವುದಿಲ್ಲ

ಕೀಟಗಳ ವಿಷಯದಲ್ಲಿ ಬಾತಿನ ಯಶಸ್ಸನ್ನು ಒಂದೇ ಪ್ರಶ್ನೆಯಿಂದ ಅಳೆಯಬಹುದು: ಹುಳು ನೀರಿಗೆ ಎಷ್ಟು ಹತ್ತಿರ ಇರುತ್ತದೆ?

ಕಂದು ಜಿಗಿಹುಳು ಪೈರಿನ ಬುಡದಲ್ಲಿ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಗುಂಪಾಗಿ ಕುಳಿತು ರಸ ಹೀರುತ್ತದೆ. ಹೆಚ್ಚಾದರೆ ಗದ್ದೆಯ ನಡುವೆ ವೃತ್ತಾಕಾರವಾಗಿ ಪೈರು ಸುಟ್ಟಂತೆ ಒಣಗುತ್ತದೆ. ಜಪಾನಿನಲ್ಲಿ ಈ ಹುಳು ಚಳಿಗಾಲ ದಾಟಲಾರದು, ಪ್ರತಿ ವರ್ಷ ಮಳೆಗಾಲದ ಗಾಳಿಯೊಂದಿಗೆ ದಕ್ಷಿಣ ಚೀನಾದ ಕಡೆಯಿಂದ ಹಾರಿ ಬರುತ್ತದೆ. ಅದು ಬಂದಿಳಿಯುವ ಹೊತ್ತಿಗೆ ಬಾತುಗಳು ಗದ್ದೆಯಲ್ಲಿರುತ್ತವೆ. ಬಾತು ಸಾಲಿನಲ್ಲಿ ಹಾಯುವಾಗ ಮೈ ತಾಗಿ ಪೈರು ಅಲುಗುತ್ತದೆ, ಜಿಗಿಹುಳುಗಳು ನೀರಿಗೆ ಬೀಳುತ್ತವೆ, ಬಿದ್ದದ್ದನ್ನು ಕೊಕ್ಕು ಎತ್ತಿಕೊಳ್ಳುತ್ತದೆ. ಬುಡದಲ್ಲಿ ಉಳಿದವನ್ನೂ ಕುಕ್ಕಿ ತೆಗೆಯುತ್ತದೆ. ಕೆಲಸವಾಗುತ್ತಿದೆಯೇ ಎಂದು ತಿಳಿಯಲು ನಾಲ್ಕಾರು ಕಡೆ ಪೈರಿನ ಬುಡವನ್ನು ತಟ್ಟಿ, ನೀರಿಗೆ ಎಷ್ಟು ಹುಳು ಉದುರುತ್ತವೆ ಎಂದು ನೋಡಿದರೆ ಸಾಕು.

ಇದಕ್ಕಿಂತ ಸುಲಭದ ಬೇಟೆ ನಮ್ಮ ಕರಾವಳಿ ಮಲೆನಾಡಿನ ರೈತರಿಗೆ ಗೊತ್ತಿರುವ ಕೊಳವೆ ಹುಳು. ಅದು ಎಲೆಯ ತುದಿ ಕತ್ತರಿಸಿ, ಸುತ್ತಿ ಕೊಳವೆ ಮಾಡಿಕೊಂಡು, ಅದರೊಳಗೆ ಕುಳಿತು ನೀರಿನ ಮೇಲೆ ತೇಲುತ್ತಾ ಗಿಡದಿಂದ ಗಿಡಕ್ಕೆ ಹೋಗುತ್ತದೆ. ನಮ್ಮಲ್ಲಿ ನೀರಿಗೆ ಸೀಮೆಎಣ್ಣೆ ಹಾಕಿ, ಪೈರಿನ ಮೇಲೆ ಹಗ್ಗ ಎಳೆದು ಅದನ್ನು ಬೀಳಿಸುವ ರೂಢಿಯಿದೆ. ತೇಲುವ ಕೊಳವೆಯನ್ನು ಎತ್ತಿಕೊಳ್ಳಲು ಬಾತಿಗೆ ಹಗ್ಗವೂ ಬೇಡ, ಎಣ್ಣೆಯೂ ಬೇಡ.

ಆದರೆ ಕಾಂಡಕೊರಕದ ಮರಿಹುಳು ಕಾಂಡದೊಳಗೆ ಇರುತ್ತದೆ. ಅದರ ಮೇಲೆ ಬಾತಿನ ಆಟ ನಡೆಯುವುದಿಲ್ಲ. ಎಲೆ ಸುರುಳಿ ಹುಳು ಎತ್ತರದ ಎಲೆಯಲ್ಲಿ ಸುತ್ತಿಕೊಂಡಿರುತ್ತದೆ, ಅದೂ ಬಹುಮಟ್ಟಿಗೆ ತಪ್ಪಿಸಿಕೊಳ್ಳುತ್ತದೆ. ಬಾತಿಗೆ ಒಳ್ಳೆಯದು ಕೆಟ್ಟದ್ದು ಎಂಬ ಭೇದವೂ ಇಲ್ಲ. ಜಿಗಿಹುಳುವನ್ನು ತಿನ್ನುವ ಜೇಡವನ್ನೂ ಅದು ತಿನ್ನುತ್ತದೆ. ಕಳೆಗಳಲ್ಲಿ ಅಗಲ ಎಲೆಯವು ಹೋಗುತ್ತವೆ, ಭತ್ತದ ಸಸಿಯನ್ನೇ ಹೋಲುವ ಹುಲ್ಲುಕಳೆ ಬಾತು ಬರುವ ಮೊದಲೇ ಎದ್ದಿದ್ದರೆ ಉಳಿದುಬಿಡುತ್ತದೆ. ಅದನ್ನು ಕೈಯಿಂದಲೇ ಕೀಳಬೇಕು.

ಎಲ್ಲಿ ಕೈಕೊಡುತ್ತದೆ

ಫುರುನೊಗೆ ಮೊದಲ ವರ್ಷಗಳಲ್ಲಿ ಹೊಡೆತ ಕೊಟ್ಟದ್ದು ನಾಯಿಗಳು. ಅವು ನುಗ್ಗಿ ಬಾತುಗಳನ್ನು ಕೊಂದು ಹಾಕುತ್ತಿದ್ದವು. ಕೊನೆಗೆ ಗದ್ದೆಯ ಸುತ್ತ ವಿದ್ಯುತ್ ಬೇಲಿ ಹಾಕಿದ ಮೇಲಷ್ಟೇ ವಿಧಾನ ನೆಲೆ ನಿಂತಿತು. ನಮ್ಮಲ್ಲಿ ನಾಯಿಯ ಜೊತೆ ಮುಂಗುಸಿ, ನರಿ, ಹದ್ದು, ಕಾಗೆಗಳನ್ನೂ ಸೇರಿಸಿಕೊಳ್ಳಬೇಕು. ಮರಿಗಳು ಚಿಕ್ಕದಿರುವಾಗ ಮೇಲಿನಿಂದ ಕಾಗೆ ಎರಗದಂತೆ ಗದ್ದೆಯ ಮೇಲೆ ತೆಳು ದಾರ ಎಳೆಯುವ ರೂಢಿ ಜಪಾನಿನಲ್ಲಿದೆ.

ಎರಡನೆಯದು ವಿಷ. ಬಾತು ಇರುವ ಗದ್ದೆಗೆ ಕೀಟನಾಶಕ ಹಾಕುವಂತಿಲ್ಲ. ಕಾಂಡಕೊರಕಕ್ಕೆಂದು ಎರಚುವ ಕಾರ್ಬೋಫ್ಯೂರಾನ್‌ನಂಥ ಹರಳುಗಳು ಹಕ್ಕಿಗಳಿಗೆ ಮಾರಕ. ನಮ್ಮ ಗದ್ದೆಗೆ ಹಾಕದಿದ್ದರೂ ಮೇಲಿನ ಗದ್ದೆಯ ನೀರು ನಮ್ಮಲ್ಲಿಗೆ ಇಳಿದರೆ ಸಾಕು. ಗದ್ದೆಯಿಂದ ಗದ್ದೆಗೆ ನೀರು ಹಾಯಿಸುವ ಕಡೆ ಇದು ಒಬ್ಬನ ತೀರ್ಮಾನವಲ್ಲ, ಮೇಲಿನ ಗದ್ದೆಯವರೂ ಒಪ್ಪಬೇಕು.

ಮೂರನೆಯದು ಹಕ್ಕಿಜ್ವರ. ಥಾಯ್ಲೆಂಡಿನಲ್ಲಿ 2004ರ ಸುಮಾರಿಗೆ ಹಕ್ಕಿಜ್ವರ ಹರಡಿದಾಗ, ಊರಿಂದೂರಿಗೆ ಗದ್ದೆ ಮೇಯುತ್ತಾ ಹೋಗುವ ಬಾತಿನ ಹಿಂಡುಗಳಿಗೂ ರೋಗ ಉಳಿದುಕೊಳ್ಳುವುದಕ್ಕೂ ಸಂಬಂಧವಿರುವುದು ಕಂಡುಬಂತು. ಬಾತು ರೋಗದ ಲಕ್ಷಣ ತೋರದೆಯೂ ವೈರಸ್ಸನ್ನು ಹೊತ್ತು ತಿರುಗಬಲ್ಲದು. ಕುಟ್ಟನಾಡಿನಲ್ಲಿ 2014ರಿಂದ ಈಚೆಗೆ ಹಲವು ಬಾರಿ ಹಕ್ಕಿಜ್ವರ ಬಂದು, ಬಾತುಗಳನ್ನು ದೊಡ್ಡ ಸಂಖ್ಯೆಯಲ್ಲಿ ಕೊಲ್ಲಬೇಕಾಯಿತು. ಬೇಲಿಯೊಳಗೆ ಒಂದೇ ಗದ್ದೆಯಲ್ಲಿರುವ ಹಿಂಡಿಗೆ ಅಲೆಮಾರಿ ಹಿಂಡಿಗಿಂತ ಅಪಾಯ ಕಡಿಮೆ, ಆದರೆ ಕಾಡುಹಕ್ಕಿ ಇಳಿಯುವ ನೀರಿನಲ್ಲಿ ಅಪಾಯ ಸೊನ್ನೆಯಾಗುವುದಿಲ್ಲ. ಹಿಂಡಿನಲ್ಲಿ ಒಮ್ಮೆಗೇ ಸಾವು ಕಂಡರೆ ಸತ್ತ ಹಕ್ಕಿಯನ್ನು ಕಾಲುವೆಗೆ ಎಸೆಯದೆ ಪಶುವೈದ್ಯರಿಗೆ ತಿಳಿಸಬೇಕು.

ನಮ್ಮ ಗದ್ದೆಗೆ

ನಮ್ಮ ಗದ್ದೆಗಳಲ್ಲಿ ಕಾಣುವ ದೊಡ್ಡ ಬಸವನಹುಳು ಪೈಲಾ. ಅದು ಮೇಲೆ ಹೇಳಿದ ಆಕ್ರಮಣಕಾರಿಯ ಕುಟುಂಬಕ್ಕೇ ಸೇರಿದ್ದರೂ ಇಲ್ಲಿಯದೇ ಜೀವಿ. ಆದ್ದರಿಂದ ಕರ್ನಾಟಕದ ರೈತನಿಗೆ ಬಾತಿನಿಂದ ಸಿಗುವ ಲಾಭ ಮುಖ್ಯವಾಗಿ ಕಳೆ, ಜಿಗಿಹುಳು, ಕೊಳವೆ ಹುಳುಗಳ ಲೆಕ್ಕದಲ್ಲಿ. ತಳಿಯ ಆಯ್ಕೆಯಲ್ಲಿ ಹಗುರ ಮೈಯವನ್ನೇ ನೋಡಬೇಕು. ಕುಟ್ಟನಾಡಿನ ಚಾರ, ಚೆಂಬಳ್ಳಿ, ಮೊಟ್ಟೆಗೆ ಹೆಸರಾದ ಖಾಕಿ ಕ್ಯಾಂಪ್‌ಬೆಲ್ ಮೇಯುವುದರಲ್ಲಿ ಚುರುಕು. ಮಾಂಸಕ್ಕೆಂದು ಬೆಳೆಸುವ ಬಿಳಿ ಪೆಕಿನ್ ಭಾರ, ಎಳೆ ಪೈರಿಗೆ ಅದು ಸಲ್ಲದು.

ಎರಡು ತಿಂಗಳು ಒಂದೇ ಸಮನೆ ನೀರು ನಿಲ್ಲದ ಗದ್ದೆಗೆ ಈ ವಿಧಾನ ಬೇಡ. ಕಾಲುವೆ ನೀರು ಸರದಿಯ ಮೇಲೆ ಬರುವ ಕಡೆ, ನೇರ ಬಿತ್ತನೆಯ ಭತ್ತದಲ್ಲಿ, ನೀರು ಕಟ್ಟಿ ಬಿಟ್ಟು ಮಾಡುವ ಬೇಸಾಯದಲ್ಲಿ ಬಾತಿಗೆ ಜಾಗವಿಲ್ಲ. ನೀರು ನಿಲ್ಲುವ, ಬೇಲಿ ಹಾಕಬಹುದಾದ, ಮೇಲಿನಿಂದ ವಿಷದ ನೀರು ಇಳಿಯದ ಗದ್ದೆ ಇರುವವರು ಪ್ರಯತ್ನಿಸಬಹುದು. ಇಡೀ ಜಮೀನಿಗೆ ಒಮ್ಮೆಗೇ ಕೈಹಾಕದೆ ಮೊದಲ ವರ್ಷ ಹತ್ತು ಗುಂಟೆಗೆ 15ರಿಂದ 20 ಮರಿ ಬಿಟ್ಟು, ಪಕ್ಕದಲ್ಲಿ ಬಾತಿಲ್ಲದ ಹತ್ತು ಗುಂಟೆಯನ್ನು ಹೋಲಿಕೆಗೆ ಇಟ್ಟುಕೊಳ್ಳಿ. ಎರಡರಲ್ಲೂ ಕಳೆ ಕೀಳಲು ಹಿಡಿದ ಆಳು, ಬುಡ ತಟ್ಟಿದಾಗ ಉದುರಿದ ಜಿಗಿಹುಳು, ಕೊನೆಗೆ ಬಂದ ಭತ್ತ, ಇವನ್ನು ಬರೆದಿಡಿ. ಸಸಿಮಡಿಗೆ ಬೀಜ ಹಾಕುವ ದಿನವನ್ನು ಗೊತ್ತುಮಾಡುವಾಗಲೇ ಮರಿಗಳಿಗೂ ದಿನ ಗೊತ್ತುಮಾಡಿ. ಆ ಲೆಕ್ಕ ತಪ್ಪಿದರೆ ಒಳ್ಳೆಯ ಬಾತೂ ಗದ್ದೆಗೆ ಉಪಕಾರ ಮಾಡಲಾರದು.